ಚುರುಕಾಗಿದೆ, ಆದರೆ ಗೊಂದಲವಾಗಿದೆ: ಸ್ಲೋಗನ್‌ನ ತಿದ್ದಿದ ರೂಪಗಳಲ್ಲಿ ಒಂದನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ಸ್ಲೋಗನ್ ಜನರಿಗೆ ಬೇರೆ ಅರ್ಥ ಕೊಡುತ್ತಿದೆ ಅಂತ ಗೊತ್ತಾಗುತ್ತದೆ. ಯಾರೋ ಕೂತು ನಾಲ್ಕೈದು ಹೊಸ ರೂಪ ಬರೆಯುತ್ತಾರೆ. ಆಮೇಲೆ ಎಲ್ಲರನ್ನೂ ಸೇರಿಸಿ "ಯಾವುದು ಚೆನ್ನಾಗಿದೆ?" ಅಂತ ಕೇಳುತ್ತಾರೆ. ಜಾಸ್ತಿ ಕೈ ಎದ್ದದ್ದು ಪ್ರಿಂಟಿಗೆ ಹೋಗುತ್ತದೆ. ಬಹುತೇಕ ತಂಡಗಳು ಎಡವುವುದು ಇಲ್ಲೇ. "ಚೆನ್ನಾಗಿದೆಯಾ" ಎನ್ನುವ ಒಂದೇ ಪ್ರಶ್ನೆಯಲ್ಲಿ ಎರಡು ಬೇರೆ ಪ್ರಶ್ನೆಗಳು ಕಲೆತುಹೋಗಿರುತ್ತವೆ: ಅರ್ಥವಾಗುತ್ತದೆಯೇ? ನೆನಪಿರುತ್ತದೆಯೇ? ಇವನ್ನು ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ಕೇಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೂ ಮುಖ್ಯ.

ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕೈ ತೊಳೆಯುವ ಜಾಗದಲ್ಲಿ ನಲ್ಲಿಯ ಮೇಲೆ ಅಂಟಿಸಿದ ಚೀಟಿ. ಅದರಲ್ಲಿರುವುದು ಇಷ್ಟೇ: "ಒಂದು ಹನಿಯೂ ಬಿಡಬೇಡಿ!"

## ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. ಒಂದು ನೋಟ್‌ಬುಕ್, ಪ್ರತಿ ರೂಪವನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆದ ಬೇರೆ ಬೇರೆ ಚೀಟಿಗಳು, ಸೆಕೆಂಡ್ ತೋರಿಸುವ ಗಡಿಯಾರ, ಮತ್ತು ಈ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಸುಮಾರು ಮೂವತ್ತು ಜನ. ಕೊನೆಯದ್ದೇ ಕಷ್ಟ. ಅದನ್ನು ತಪ್ಪಿಸಲು ಹೋಗಿ ಪಕ್ಕದ ಮೇಜಿನವರನ್ನೇ ಕೇಳಿದರೆ ಉಳಿದದ್ದೆಲ್ಲ ದಂಡ. ಅವರು ಹಳೆಯ ಸ್ಲೋಗನ್ ಬಗ್ಗೆ ನಡೆದ ಜಗಳವನ್ನು ಆಗಲೇ ಕೇಳಿರುತ್ತಾರೆ. ಯಾವ ಅರ್ಥ ಬೇಕು ಅಂತ ಅವರಿಗೆ ಗೊತ್ತಿರುತ್ತದೆ.

## ಹಂತ 1: ಹಳೆಯ ಸ್ಲೋಗನ್‌ನ ಎಲ್ಲ ಅರ್ಥಗಳನ್ನೂ ಬರೆದಿಡಿ

ಹೊಸದನ್ನು ನೋಡುವ ಮುಂಚೆ ಹಳೆಯದ್ದರಲ್ಲಿ ಗೊಂದಲ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು. "ಯಾಕೋ ಸರಿ ಹೋಗ್ತಿಲ್ಲ" ಅಂದರೆ ಸಾಲದು.

ನಮ್ಮ ಚೀಟಿಯಲ್ಲಿ ಗೊಂದಲ ಇರುವುದು "ಬಿಡಬೇಡಿ" ಎಂಬಲ್ಲಿ. ಬರೆದವರ ಮನಸ್ಸಿನಲ್ಲಿ ಇದ್ದದ್ದು "ಒಂದು ಹನಿಯೂ ಸೋರಲು ಬಿಡಬೇಡಿ". ಆದರೆ ತಟ್ಟೆಯ ಮುಂದೆ ಕೂತವರಿಗೆ "ಒಂದು ಅಗುಳೂ ಬಿಡಬೇಡಿ" ಅಂದರೆ ಪೂರ್ತಿ ಖಾಲಿ ಮಾಡಿ ಅಂತ ಅರ್ಥ. ಅದೇ ಕಿವಿಯಿಂದ ಕೇಳಿದರೆ ಈ ಚೀಟಿ "ಇರುವ ನೀರನ್ನೆಲ್ಲ ಬಳಸಿ ಮುಗಿಸಿ" ಅನ್ನುತ್ತದೆ. ಮೂರನೆಯದೂ ಒಂದಿದೆ: "ನೀರು ಬಿಡಲೇಬೇಡಿ", ಅಂದರೆ ಈ ನಲ್ಲಿ ಮುಟ್ಟಬೇಡಿ, ಏನೋ ಕೆಟ್ಟಿದೆ.

ಪ್ರತಿ ಅರ್ಥದ ಮುಂದೆ ಅದು ಯಾವ ಜಾತಿ ಅಂತ ಗುರುತು ಹಾಕಿ. ಬೇಕಾದ ಅರ್ಥ "ಸರಿ". ಬೇರೆ ಕಡೆ ಹೋದರೂ ಹಾನಿ ಮಾಡದ್ದು "ಬೇರೆ". ನಾವು ಹೇಳಿದ್ದಕ್ಕೆ ವಿರುದ್ಧವಾದದ್ದು "ಉಲ್ಟಾ". ಇಲ್ಲಿ "ಎಲ್ಲ ಬಳಸಿ ಮುಗಿಸಿ" ಉಲ್ಟಾ. "ನಲ್ಲಿ ಕೆಟ್ಟಿದೆ" ಎನ್ನುವುದು ಬೇರೆ. ಈ ಮೂರು ಗುರುತು ಕೊನೆಯವರೆಗೂ ಬೇಕಾಗುತ್ತವೆ.

ಬರೆದವರಿಗೇ ಈ ಪಟ್ಟಿ ಮಾಡಲು ಬಿಡಬೇಡಿ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಒಂದು ಸರಳ ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಹಾಡು ಯಾವುದು ಅಂತ ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಅಂತ ತಟ್ಟಿದವರು ಎಣಿಸಿದ್ದರು. 120 ಹಾಡುಗಳಲ್ಲಿ ಗುರುತಾದದ್ದು 3. ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿತ್ತು, ಕೇಳುವವರಿಗೆ ಬರೀ ಟಕ್ ಟಕ್. ಸ್ಲೋಗನ್ ಬರೆದವರ ಕಥೆಯೂ ಇದೇ. ಅವರಿಗೆ "ಬಿಡಬೇಡಿ"ಯ ಹಿಂದೆ "ಸೋರಲು" ಎಂಬ ಪದ ಕೇಳಿಸುತ್ತಲೇ ಇರುತ್ತದೆ.

## ಹಂತ 2: ಸ್ಲೋಗನ್ ಮಾಡಬೇಕಾದ ಕೆಲಸವನ್ನು ಒಂದು ಸಾಲಲ್ಲಿ ಹೇಳಿ

ಕೆಲಸ ಅಂದರೆ ಓದಿದವರ ಕೈ ಏನು ಮಾಡಬೇಕು ಅನ್ನುವುದು. "ನೀರಿನ ಬಗ್ಗೆ ಅರಿವು ಮೂಡಬೇಕು" ಎನ್ನುವುದು ಕೆಲಸವಲ್ಲ, ಅದನ್ನು ನೋಡಿ ಹೌದು ಇಲ್ಲ ಅಂತ ಹೇಳಲಾಗುವುದಿಲ್ಲ. ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು: "ಕೈ ತೊಳೆದವರು ನಲ್ಲಿಯನ್ನು ಪೂರ್ತಿ ನಿಲ್ಲಿಸಿ, ಹನಿ ಬೀಳುತ್ತಿಲ್ಲ ಅಂತ ನೋಡಿ ಹೊರಡಬೇಕು."

ಈ ಸಾಲು ಬರೆಯುವಾಗ ಎರಡು ಮೂರು ಕೆಲಸಗಳು ಒಳಗೆ ನುಸುಳುತ್ತವೆ. ಕಡಿಮೆ ನೀರು ಬಳಸಬೇಕು, ಕೆಟ್ಟ ನಲ್ಲಿ ಬಗ್ಗೆ ತಿಳಿಸಬೇಕು, ಹೀಗೆ. ಒಂದನ್ನು ಇಟ್ಟುಕೊಂಡು ಉಳಿದದ್ದಕ್ಕೆ ಬೇರೆ ಚೀಟಿ ಮಾಡಿ. ತಂಡ ಈ ಒಂದು ಸಾಲಿಗೇ ಒಪ್ಪದಿದ್ದರೆ ಅಲ್ಲೇ ನಿಲ್ಲಿ. ಮುಂದಿನ ಯಾವ ಪರೀಕ್ಷೆಯೂ ಆ ಜಗಳ ಬಿಡಿಸುವುದಿಲ್ಲ.

## ಹಂತ 3: ಸ್ಪರ್ಧೆಗೆ ನಿಲ್ಲುವ ರೂಪಗಳನ್ನು ಆಯ್ದುಕೊಳ್ಳಿ

ನಾಲ್ಕೈದು ರೂಪ ಸಾಕು. ಅದರಲ್ಲಿ ಎರಡು ಕಡ್ಡಾಯ. ಒಂದು ಹಳೆಯದ್ದೇ. ಇನ್ನೊಂದು ಯಾವ ಚಮತ್ಕಾರವೂ ಇಲ್ಲದ ಸಪ್ಪೆ ವಾಕ್ಯ. ಸಪ್ಪೆ ವಾಕ್ಯ ಗೆಲ್ಲಲಿ ಅಂತ ಅಲ್ಲ, ಸ್ಪಷ್ಟತೆ ಎಷ್ಟು ಸಾಧ್ಯ ಅಂತ ತೋರಿಸಲು ಅದು ಅಳತೆಗೋಲು. ಉಳಿದವು ಒಂದಕ್ಕಿಂತ ಒಂದು ನಿಜಕ್ಕೂ ಬೇರೆ ದಾರಿ ಹಿಡಿದಿರಬೇಕು. "ನಲ್ಲಿ ನಿಲ್ಲಿಸಿ", "ನಲ್ಲಿಯನ್ನು ನಿಲ್ಲಿಸಿರಿ", "ನಿಲ್ಲಿಸಿ ನಲ್ಲಿ" ಇವು ಮೂರು ರೂಪಗಳಲ್ಲ, ಒಂದೇ.

ನಮ್ಮ ಪಟ್ಟಿ ಹೀಗಿದೆ. ಮಾತಾಡಲು ಸುಲಭವಾಗಲಿ ಅಂತ ಪ್ರತಿಯೊಂದಕ್ಕೂ ಅಡ್ಡಹೆಸರು ಕೊಟ್ಟಿದ್ದೇನೆ.

- "ಹನಿ": ಒಂದು ಹನಿಯೂ ಬಿಡಬೇಡಿ!
- "ಪೂರ್ತಿ": ಬಳಸಿದ ಮೇಲೆ ನಲ್ಲಿಯನ್ನು ಪೂರ್ತಿ ನಿಲ್ಲಿಸಿ
- "ಕೈ": ಕೈ ತೊಳೆದುಕೊಂಡು ಹೋಗಿಬಿಡಬೇಡಿ
- "ಕೊನೆ": ಕೊನೆ ಹನಿ ನಿಂತ ಮೇಲೆ ಹೊರಡಿ
- "ತಿರುಗಿ": ತಿರುಗಿಸಿ, ತಿರುಗಿ ನೋಡಿ

"ನೀರನ್ನು ಮಿತವಾಗಿ ಬಳಸಿ" ಎನ್ನುವುದೂ ಯಾರಾದರೂ ಬರೆದೇ ಬರೆಯುತ್ತಾರೆ. ಅದನ್ನು ಇಲ್ಲೇ ತೆಗೆದಿಡಿ. ಅರ್ಥ ಸ್ಪಷ್ಟ, ಆದರೆ ಅದು ಹಂತ 2ರ ಕೆಲಸ ಮಾಡುವುದಿಲ್ಲ. ಮಿತವಾಗಿ ಬಳಸಿಯೂ ನಲ್ಲಿ ಅರ್ಧ ತಿರುಗಿಸಿ ಹೋಗಬಹುದು ಅಲ್ವಾ? ಗೊಂದಲ ತೆಗೆಯುವ ನೆಪದಲ್ಲಿ ಸಂದೇಶವೇ ಬದಲಾಗಿರುವುದು ತಿದ್ದಿದ ರೂಪಗಳಲ್ಲಿ ತುಂಬಾ ಸಾಮಾನ್ಯ. ಓದಲು ಹಿತವಾಗಿರುವುದರಿಂದ ಯಾರೂ ಗಮನಿಸುವುದಿಲ್ಲ.

"ಕೈ" ರೂಪದಲ್ಲೂ ಎರಡು ಅರ್ಥ ಇದೆ. ಕೈ ತೊಳೆಯುವುದು, ಮತ್ತು ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳುವುದು. ಎರಡರ್ಥ ಇದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಹೊಡೆದು ಹಾಕಬೇಡಿ. ಎರಡೂ ಅರ್ಥ ಓದುಗರನ್ನು ಒಂದೇ ಕೆಲಸಕ್ಕೆ ತಳ್ಳುವುದಾದರೆ ಅದು ಗೊಂದಲ ಅಲ್ಲ, ಬಂಡವಾಳ. ನಿಜವಾಗಿ ಹಾಗೆ ತಳ್ಳುತ್ತದೆಯೇ ಅನ್ನುವುದನ್ನು ಪರೀಕ್ಷೆ ಹೇಳಲಿ.

## ಹಂತ 4: ಸ್ಪಷ್ಟತೆಯ ಪರೀಕ್ಷೆ, ಒಬ್ಬರಿಗೆ ಒಂದೇ ರೂಪ

ಇಲ್ಲಿನ ನಿಯಮ ಒಂದೇ, ಆದರೆ ಮುರಿಯುವವರೇ ಜಾಸ್ತಿ. ಒಬ್ಬ ವ್ಯಕ್ತಿಗೆ ಒಂದೇ ರೂಪ ತೋರಿಸಬೇಕು. ಮೊದಲು "ಪೂರ್ತಿ" ಓದಿದವರಿಗೆ ಆಮೇಲೆ "ಹನಿ" ತೋರಿಸಿದರೆ ಅದೂ ಸಲೀಸಾಗಿ ಅರ್ಥವಾಗುತ್ತದೆ, ಯಾಕೆಂದರೆ ಉತ್ತರ ಆಗಲೇ ಕೈಗೆ ಸಿಕ್ಕಿರುತ್ತದೆ. ಐದು ರೂಪವನ್ನೂ ಒಂದೇ ಹಾಳೆಯಲ್ಲಿ ಹಾಕಿ ಹಂಚಿದರೆ ಪರೀಕ್ಷೆ ಶುರುವಾಗುವ ಮುಂಚೆಯೇ ಕೆಟ್ಟಂತೆ. ಹಾಗಾಗಿ ಒಂದೊಂದಕ್ಕೆ ಆರು ಜನ, ಐದಕ್ಕೆ ಮೂವತ್ತು.

ಚೀಟಿಯನ್ನು ಅದು ನಿಜವಾಗಿ ಇರುವ ಜಾಗದಲ್ಲೇ ತೋರಿಸಿ. ಆಗದಿದ್ದರೆ ನಲ್ಲಿಯ ಫೋಟೋ ಮೇಲೆ ಅಂಟಿಸಿ. ಮೂರು ಸೆಕೆಂಡ್ ನೋಡಲು ಬಿಟ್ಟು ತೆಗೆಯಿರಿ. ಕೈ ತೊಳೆಯುವವರು ಚೀಟಿಯನ್ನು ಅದಕ್ಕಿಂತ ಜಾಸ್ತಿ ಹೊತ್ತು ನೋಡುವುದಿಲ್ಲ. ಆಮೇಲೆ ಒಂದೇ ಪ್ರಶ್ನೆ: "ಇದನ್ನು ಓದಿದ ಮೇಲೆ ನೀವು ಏನು ಮಾಡ್ತೀರಿ?"

"ಅರ್ಥವಾಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ, ಉಲ್ಟಾ ಅರ್ಥ ಮಾಡಿಕೊಂಡವರೂ ಸೇರಿ. "ಸರಿಯಾಗಿದೆ ಅನಿಸುತ್ತಾ?" ಎಂಬುದಂತೂ ಬೇಡವೇ ಬೇಡ. ಮೆಕ್‌ಗ್ಲೋನ್ ಮತ್ತು ತೊಫಿಗ್‌ಬಕ್ಷ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಪ್ರಾಸ ಇರುವ ಗಾದೆಗಳನ್ನು ಅದೇ ಅರ್ಥದ ಪ್ರಾಸವಿಲ್ಲದ ಸಾಲುಗಳಿಗಿಂತ ಹೆಚ್ಚು ನಿಜ ಅಂತ ಅಂದುಕೊಂಡರು. ಅಂದರೆ ಕಿವಿಗೆ ಹಿತವಾದದ್ದು ತಲೆಗೂ ಸರಿ ಅನಿಸಿಬಿಡುತ್ತದೆ. "ತಿರುಗಿಸಿ, ತಿರುಗಿ ನೋಡಿ" ಅಂಥ ಸಾಲಿಗೆ ಈ ಪ್ರಶ್ನೆಯಲ್ಲಿ ಪುಕ್ಕಟೆ ಅಂಕ ಸಿಗುತ್ತದೆ.

ಉತ್ತರವನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ನೀವು ತಿದ್ದಬೇಡಿ. ಆಮೇಲೆ ಹಂತ 1ರ ಗುರುತು ಹಾಕಿ. ಸಾಧ್ಯವಾದರೆ ಗುರುತು ಹಾಕುವ ಕೆಲಸವನ್ನು ಬರೆದವರಲ್ಲದ ಇನ್ನೊಬ್ಬರಿಗೆ ಕೊಡಿ.

ಲೆಕ್ಕ ಹೇಗೆ ಓಡುತ್ತದೆ ಅಂತ ತೋರಿಸಲು ಕೆಲವು ಕಲ್ಪಿತ ಅಂಕಿ ಇಟ್ಟುಕೊಳ್ಳೋಣ. "ಹನಿ"ಗೆ ಸರಿ 2, ಬೇರೆ 2, ಉಲ್ಟಾ 2. "ಪೂರ್ತಿ"ಗೆ ಆರಕ್ಕೆ ಆರೂ ಸರಿ. "ಕೈ"ಗೆ ಸರಿ 4, ಬೇರೆ 1, ಉಲ್ಟಾ 1. ಆ ಉಲ್ಟಾ ಉತ್ತರ ನೋಡಿ: "ಇಲ್ಲಿ ಕೈ ತೊಳೀಬಾರದಂತೆ." ಮೂರು ಸೆಕೆಂಡಿನಲ್ಲಿ ಕಣ್ಣು ಹಿಡಿದದ್ದು "ಕೈ ತೊಳೆ" ಮತ್ತು "ಬೇಡಿ", ನಡುವಿನದ್ದು ಜಾರಿಹೋಯಿತು. ಮೇಜಿನ ಮುಂದೆ ಕೂತು ನಿಧಾನವಾಗಿ ಓದುವವರಿಗೆ ಇದು ಹೊಳೆಯುವುದೇ ಇಲ್ಲ. "ಕೊನೆ"ಗೆ ಸರಿ 5, ಬೇರೆ 1. ಆ ಒಬ್ಬರಿಗೆ ಅದು "ಕೈಯಿಂದ ಹನಿ ಬೀಳೋದು ನಿಲ್ಲೋವರೆಗೂ ಇರಿ" ಅಂತ ಕೇಳಿಸಿತು. "ತಿರುಗಿ"ಗೆ ಸರಿ 4, ಬೇರೆ 2. ಆ ಇಬ್ಬರೂ ಕೇಳಿದ್ದು ಒಂದೇ: "ಏನನ್ನ ತಿರುಗಿಸಬೇಕು? ಯಾವ ಕಡೆಗೆ?" ಸರಿಯಾದ ಪ್ರಶ್ನೆಯೇ. ನಲ್ಲಿ ತೆರೆಯುವುದಕ್ಕೂ ತಿರುಗಿಸಲೇಬೇಕು.

ಆರು ಜನರಿಂದ ಶೇಕಡಾವಾರು ಲೆಕ್ಕ ತೆಗೆಯಲು ಹೋಗಬೇಡಿ. ಈ ಪರೀಕ್ಷೆ ಹೇಳುವುದು ಯಾವ ತಪ್ಪು ಅರ್ಥ ಸಾಧ್ಯ ಅನ್ನುವುದನ್ನು ಮಾತ್ರ. ಆದರೆ ಆರೇ ಜನರಲ್ಲಿ ಒಬ್ಬರಿಗೆ ಉಲ್ಟಾ ಹೊಳೆದಿದ್ದರೆ ಅದು ಅಪರೂಪದ ತಪ್ಪು ಅಂತ ಸುಮ್ನೆ ತಳ್ಳಿಹಾಕಲಾಗದು.

## ಹಂತ 5: ನೆನಪಿನ ಪರೀಕ್ಷೆ, ಮಾರನೆಯ ದಿನ

ಅದೇ ಜನರನ್ನು ಮರುದಿನ ಮಾತಾಡಿಸಿ. ಹಿಂದಿನ ದಿನ "ನಾಳೆ ಕೇಳ್ತೀವಿ" ಅಂತ ಹೇಳಿರಬಾರದು. ಹೇಳಿದರೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಪ್ರಶ್ನೆ ಇಷ್ಟೇ: "ನಿನ್ನೆ ನಲ್ಲಿ ಮೇಲೆ ಏನೋ ಬರೆದಿತ್ತಲ್ಲ, ಏನದು?" ಚೀಟಿ ತೋರಿಸಿ "ಇದನ್ನ ನೋಡಿದ ನೆನಪಿದೆಯಾ?" ಅನ್ನಬಾರದು. ನೋಡಿ ಗುರುತಿಸುವುದು ಸುಲಭ, ತಾನಾಗಿ ನೆನೆದು ಹೇಳುವುದು ಕಷ್ಟ. ನಮಗೆ ಬೇಕಾದದ್ದು ಕಷ್ಟದ್ದು.

ಅಕ್ಷರಕ್ಷರ ಹೇಳಬೇಕಿಲ್ಲ. ಮುಖ್ಯ ಪದ ಮತ್ತು ಅರ್ಥ ಎರಡೂ ಬಂದರೆ ನೆನಪಿದೆ ಅಂತಲೇ ಎಣಿಸಿ. ನಮ್ಮ ಅಂಕಿಗಳಲ್ಲಿ "ಹನಿ" 5 ಜನರಿಗೆ ನೆನಪಿತ್ತು, "ಪೂರ್ತಿ" ಒಬ್ಬರಿಗೆ, "ಕೈ" 4, "ಕೊನೆ" 3, "ತಿರುಗಿ" 5. ಇಲ್ಲಿ "ಹನಿ"ಯ ವಿಷಯದಲ್ಲಿ ಒಂದು ಮಾತು. ಅರ್ಥ ಅಂದರೆ ಆ ವ್ಯಕ್ತಿ ನಿನ್ನೆ ಮಾಡಿಕೊಂಡ ಅರ್ಥ, ಅದು ಉಲ್ಟಾ ಆಗಿದ್ದರೂ ಸರಿ. ಅಂದರೆ ಈ ಐವರಲ್ಲಿ ಕನಿಷ್ಠ ಮೂವರು ತಪ್ಪು ಅರ್ಥವನ್ನೇ ಭದ್ರವಾಗಿ ಇಟ್ಟುಕೊಂಡಿದ್ದಾರೆ. ತಪ್ಪಾಗಿ ಅರ್ಥವಾದದ್ದು ನೆನಪಿನಲ್ಲಿ ಉಳಿದಷ್ಟೂ ನಷ್ಟವೇ.

ಅಂಕಿಗಿಂತ ಬೆಲೆಬಾಳುವುದು ಜನ ತಪ್ಪಾಗಿ ನೆನೆಯುವ ರೀತಿ. ಯಾವ ಪದ ಬಿಟ್ಟರು, ಯಾವುದನ್ನು ಸೇರಿಸಿದರು, ಎಲ್ಲಿ ತಡವರಿಸಿದರು, ಎಲ್ಲವನ್ನೂ ಬರೆದುಕೊಳ್ಳಿ. "ತಿರುಗಿ" ನೋಡಿದ ಒಬ್ಬರು "ನಲ್ಲಿ ನಿಲ್ಸಿ ತಿರುಗಿ ನೋಡಿ ಅಂತ ಏನೋ ಇತ್ತು" ಅಂದರು ಅಂದುಕೊಳ್ಳಿ. ಚೀಟಿಯಲ್ಲಿ ಇಲ್ಲದ ಪದವನ್ನು ಅವರ ನೆನಪು ತಾನಾಗಿ ಹಾಕಿಕೊಂಡಿದೆ. ಹಿಂದಿನ ದಿನ ಇನ್ನಿಬ್ಬರು ಕೇಳಿದ ಪ್ರಶ್ನೆಗೂ ಅದೇ ಉತ್ತರ. ಇಂಥದ್ದು ಸಿಕ್ಕರೆ ಕಣ್ಣಿಗೊತ್ತಿಕೊಳ್ಳಿ, ಬರಹಗಾರರಿಗೆ ಇದಕ್ಕಿಂತ ಒಳ್ಳೆ ಸಲಹೆ ಬೇರೆ ಕಡೆ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆಯ ಗುರುತು: "ಏನೋ ತಮಾಷೆಯಾಗಿತ್ತು" ಅಂತ ಮಾತ್ರ ನೆನಪಿರುವುದು. ಚಮತ್ಕಾರ ಉಳಿದು ವಿಷಯ ಹೋಗಿದೆ ಅಂತ ಅರ್ಥ. ಅದನ್ನು ನೆನಪಿನ ಲೆಕ್ಕಕ್ಕೆ ಸೇರಿಸಬೇಡಿ.

## ಹಂತ 6: ಆರಿಸಿ, ಆದರೆ ಅಂಕ ಕೂಡಬೇಡಿ

ಎರಡು ಕಾಲಂ ಅಂಕ ಕಂಡರೆ ಕೈ ಕೂಡಲು ಹೊರಡುತ್ತದೆ. ಕೂಡಿ ನೋಡೋಣ. "ಹನಿ" ಎರಡು ಮತ್ತು ಐದು, ಒಟ್ಟು 7. "ಪೂರ್ತಿ" ಆರು ಮತ್ತು ಒಂದು, ಅದೂ 7. ಇಬ್ಬರನ್ನು ಉಲ್ಟಾ ದಾರಿಗೆ ಕಳಿಸಿದ ಸಾಲಿಗೂ ಯಾರನ್ನೂ ದಾರಿ ತಪ್ಪಿಸದ ಸಾಲಿಗೂ ಒಂದೇ ಅಂಕ! "ಕೈ"ಗಂತೂ 8, "ಪೂರ್ತಿ"ಗಿಂತ ಮೇಲೆ.

ಆದ್ದರಿಂದ ಸ್ಪಷ್ಟತೆಯನ್ನು ಬಾಗಿಲು ಮಾಡಿ, ನೆನಪನ್ನು ಬಾಗಿಲ ಒಳಗಿನ ಸ್ಪರ್ಧೆ ಮಾಡಿ. ಬಾಗಿಲ ನಿಯಮ: ಉಲ್ಟಾ ಒಂದೂ ಇರಬಾರದು, ಸರಿ ಐದಾದರೂ ಇರಬೇಕು. ಇದನ್ನು ಪರೀಕ್ಷೆಗೆ ಮುಂಚೆಯೇ ಬರೆದಿಟ್ಟು ಎಲ್ಲರಿಗೂ ತೋರಿಸಿ. ಫಲಿತಾಂಶ ಬಂದ ಮೇಲೆ ನಿಯಮ ಮಾಡಿದರೆ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಸಾಲು ಒಳಗೆ ಬರುವಷ್ಟು ಬಾಗಿಲು ಅಗಲ ಮಾಡುತ್ತಾರೆ.

ಈ ನಿಯಮದಲ್ಲಿ ಒಳಗೆ ಬರುವುದು "ಪೂರ್ತಿ" ಮತ್ತು "ಕೊನೆ". ಇಬ್ಬರಲ್ಲಿ ನೆನಪು ಜಾಸ್ತಿ ಉಳಿದದ್ದು "ಕೊನೆ". ಸಮಯ ಇಲ್ಲದಿದ್ದರೆ ಅದನ್ನೇ ತೆಗೆದುಕೊಂಡು ಮುಂದೆ ಹೋಗಿ.

ಸಮಯ ಇದ್ದರೆ ಹೊರಗೆ ಉಳಿದವನ್ನು ಒಮ್ಮೆ ನೋಡಿ. ಯಾವುದು ಒಂದೇ ಒಂದು ಪದದ ಕೊರತೆಯಿಂದ ಸೋತಿದೆ? "ಹನಿ" ಹಾಗಲ್ಲ, ಅದರ ಚಮತ್ಕಾರವೇ ಅದರ ರೋಗ. ಗೊಂದಲ ತೆಗೆದರೆ ಜೋರೂ ಹೋಗುತ್ತದೆ. "ಕೈ" ಕೂಡ ಹಾಗೇ. "ತಿರುಗಿ" ಬೇರೆ. ಅದರ ಗೊಂದಲ ಮೊದಲ ಪದದಲ್ಲಿದೆ, ನೆನಪಲ್ಲಿ ಉಳಿಸುವ ತುಣುಕು "ತಿರುಗಿ ನೋಡಿ" ಎಂಬಲ್ಲಿದೆ. ಮೊದಲ ಪದ ಬದಲಾಯಿಸಿದರೆ ಸಿಗುವುದು: "ನಲ್ಲಿ ನಿಲ್ಲಿಸಿ, ತಿರುಗಿ ನೋಡಿ." ಯಾವುದನ್ನು, ಏನು ಮಾಡಬೇಕು ಎರಡೂ ಬಂತು. ತಿರುಗಿಸಿ, ತಿರುಗಿ ಎಂಬ ಆಟ ಹೋದರೂ "ನಲ್ಲಿ ನಿಲ್ಲಿಸಿ"ಯ ಅಕ್ಷರಗಳ ತಾಳ ಆ ಜಾಗಕ್ಕೆ ಬಂದಿದೆ.

ಹೀಗೆ ತಿದ್ದಿದ್ದನ್ನು ನೇರ ಪ್ರಿಂಟಿಗೆ ಕಳಿಸಬೇಡಿ. ಅದು ಹೊಸ ರೂಪ. ಹೊಸ ಆರು ಜನ, ಮತ್ತೆ ಎರಡು ದಿನ. ಸರಿ 6, ನೆನಪು 4 ಬಂದರೆ ಅದು "ಕೊನೆ"ಯನ್ನು ದಾಟಿತು. ನೆನಪಿನಲ್ಲಿ ಒಬ್ಬರದೇ ವ್ಯತ್ಯಾಸ, ಅಷ್ಟಕ್ಕೇ ಮಾರುಹೋಗಬೇಕಿಲ್ಲ. ಆದರೆ ಸ್ಪಷ್ಟತೆಯಲ್ಲೂ ಅದು ಹಿಂದೆ ಬಿದ್ದಿಲ್ಲ, ಹಾಗಾಗಿ ನಾನಾದರೆ ಇದನ್ನೇ ಆರಿಸುತ್ತೇನೆ.

ಈ ಹಂತದಲ್ಲಿ ತಂಡದಿಂದ ಒಂದು ಮಾತು ಬಂದೇ ಬರುತ್ತದೆ: "ಹಳೆಯದ್ದರಲ್ಲಿ ಇದ್ದ ಮಜಾ ಇದರಲ್ಲಿಲ್ಲ." ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿದಂತೆ, ಒಂದನ್ನು ಮತ್ತೆ ಮತ್ತೆ ಕಂಡಷ್ಟೂ ಅದು ನಮಗೆ ಹಿಡಿಸುತ್ತದೆ. ತಂಡ ಹಳೆಯ ಸಾಲನ್ನು ಎಷ್ಟೋ ಸಲ ನೋಡಿದೆ, ಹೊಸದನ್ನು ಈಗಷ್ಟೇ ನೋಡುತ್ತಿದೆ. ವಾದ ಮಾಡುವುದಕ್ಕಿಂತ ಉಲ್ಟಾ ಉತ್ತರಗಳನ್ನು, ಜನ ಹೇಳಿದ ಮಾತಲ್ಲೇ, ಓದಿ ಹೇಳಿ.

## ಹಂತ 7: ಅಂಟಿಸುವ ಮುಂಚೆ ಜಾಗದಲ್ಲೇ ನೋಡಿ

ಕಾಗದದ ಮೇಲೆ ಸ್ಪಷ್ಟವಾಗಿದ್ದದ್ದು ಗೋಡೆಯ ಮೇಲೆ ಮತ್ತೆ ಗೊಂದಲ ಆಗಬಹುದು. ಸಾಲು ಎಲ್ಲಿ ಮುರಿಯುತ್ತದೆ ನೋಡಿ. ಎರಡು ಸಾಲಾದರೆ ಮುರಿಯಬೇಕಾದದ್ದು ಅಲ್ಪವಿರಾಮದ ಬಳಿಯೇ. "ನಲ್ಲಿ ನಿಲ್ಲಿಸಿ ತಿರುಗಿ" ಮೇಲೆ, "ನೋಡಿ" ಕೆಳಗೆ ಬಂದರೆ ಓದು ಮುಗ್ಗರಿಸುತ್ತದೆ. ವಿನ್ಯಾಸ ಮಾಡುವವರು ಅಲ್ಪವಿರಾಮ ಕಿತ್ತುಹಾಕುವ ಸಾಧ್ಯತೆಯೂ ಇದೆ, ಅದಿಲ್ಲದೆಯೂ ಒಮ್ಮೆ ಓದಿಸಿ.

ಮೇಲೆ ಕೆಳಗೆ ಏನಿದೆ ಅನ್ನುವುದನ್ನಂತೂ ಮರೆಯಬೇಡಿ. ಚೀಟಿಯ ತಲೆಯ ಮೇಲೆ "ವಾಶ್‌ರೂಮ್" ಅಂತ ಒಂದು ಸಾಲಿದ್ದು, ಕೆಳಗೆ "ನಲ್ಲಿ ನಿಲ್ಲಿಸಿ" ಬಂದರೆ ಕಣ್ಣು ಎರಡನ್ನೂ ಸೇರಿಸಿ "ವಾಶ್‌ರೂಮ್‌ನಲ್ಲಿ ನಿಲ್ಲಿಸಿ" ಅಂತ ಓದುತ್ತದೆ. ಏನನ್ನು ನಿಲ್ಲಿಸಬೇಕೋ ದೇವರೇ ಬಲ್ಲ. ನಲ್ಲಿಯ ಪದ ಹೀಗೆ ಹಿಂದಿನ ಪದಕ್ಕೆ ಅಂಟುವುದನ್ನು ತಡೆಯಲು ತಲೆಬರಹ ತೆಗೆಯಿರಿ, ಇಲ್ಲವೇ ಬೇರೆ ಬಣ್ಣದ ಪಟ್ಟಿಯಲ್ಲಿ ದೂರ ಇಡಿ.

ಆಮೇಲೆ ಸ್ಲೋಗನ್ ಅನ್ನು ಫೋನಿನಲ್ಲಿ ಒಬ್ಬರಿಗೆ ಓದಿ ಹೇಳಿ, ಬರೆದುಕೊಳ್ಳಲು ಹೇಳಿ. ಅವರು ಬರೆದದ್ದು ಚೀಟಿಯಲ್ಲಿರುವುದಕ್ಕೆ ಹೊಂದಿದರೆ ಬಾಯಿಂದ ಬಾಯಿಗೆ ಹೋಗುವಾಗಲೂ ಅದು ಕೆಡುವುದಿಲ್ಲ.

ಹೊಸದನ್ನು ಅಂಟಿಸುವ ದಿನವೇ ಹಳೆಯ ಚೀಟಿಗಳನ್ನೆಲ್ಲ ಕಿತ್ತು ತೆಗೆಯಿರಿ. ಒಂದು ನಲ್ಲಿ ಮೇಲೆ "ನಲ್ಲಿ ನಿಲ್ಲಿಸಿ", ಪಕ್ಕದ್ದರ ಮೇಲೆ "ಒಂದು ಹನಿಯೂ ಬಿಡಬೇಡಿ" ಇದ್ದರೆ, ಎರಡು ನಲ್ಲಿಗೂ ಬೇರೆ ಬೇರೆ ನಿಯಮ ಇದೆ ಅಂತ ಜನ ಅಂದುಕೊಳ್ಳುತ್ತಾರೆ.